ಪದಚರ್ಚೆ: ‘ಎಣ್ಣೆಗೆಂಪು’ ಮೈಬಣ್ಣ ಅಂದರೆ ಯಾವ ಬಣ್ಣ?

ಶಾರದಾ, ಹಾಸನ

ಎಲ್ಲರಿಗೂ ನಮಸ್ಕಾರ. ಪತ್ರಿಕೆಯೊಂದಕ್ಕೆ ಬರುವ ಪೊಲೀಸ್ ಪ್ರಕಟಣೆಗಳನ್ನು ತಿದ್ದುವುದು ನನ್ನ ಕೆಲಸ. ‘ಕೋಲುಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ’ ಎಂಬ ಸಾಲು ಕಾಣೆಯಾದವರ ಪ್ರಕಟಣೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊನ್ನೆ ಒಬ್ಬ ಹುಡುಗನ ವಿಷಯದಲ್ಲಿ ತೊಡಕಾಯಿತು. ಮನೆಯವರು ಹಂಚಿದ ಕರಪತ್ರದಲ್ಲಿ ‘ಗೋಧಿ ಬಣ್ಣ’ ಎಂದಿದೆ. ಠಾಣೆಯ ಪ್ರಕಟಣೆಯಲ್ಲಿ ‘ಎಣ್ಣೆಗೆಂಪು’ ಎಂದಿದೆ. ಫೋಟೊ ಎರಡರಲ್ಲೂ ಒಂದೇ.

ಹುಡುಗ ಮುಂಬಯಿ ರೈಲು ಹತ್ತಿರಬಹುದು ಎಂದು ಮನೆಯವರ ಅನುಮಾನ. ಅದಕ್ಕೆ ಹಿಂದಿಯಲ್ಲೂ ಬರೆದುಕೊಡಿ ಎಂದು ಕೇಳಿದ್ದಾರೆ. ‘ಗೇಹುಆ’ ಎಂದು ಬರೆಯಲೋ, ‘ಸಾಂವಲಾ’ ಎಂದು ಬರೆಯಲೋ? ಒಂದು ಗೋಧಿ, ಇನ್ನೊಂದು ಕಪ್ಪು ಛಾಯೆ. ತಪ್ಪು ಬರೆದರೆ ನೋಡಿದವರೂ ಇವನಲ್ಲ ಎಂದು ಬಿಟ್ಟುಬಿಡುತ್ತಾರೆ ಎಂಬ ಭಯ ನನಗೆ.

ರಾಘವೇಂದ್ರ, ಮೈಸೂರು

ಶಾರದಾ ಅವರೇ, ಎಣ್ಣೆ ಮತ್ತು ಕೆಂಪು ಸೇರಿ ಎಣ್ಣೆಗೆಂಪು. ಕಕಾರಕ್ಕೆ ಗಕಾರ ಬಂದಿದೆ, ಅಷ್ಟೇ. ಮೈಬಣ್ಣದ ಮಾತಿನಲ್ಲಿ ಕೆಂಪು ಅಂದರೆ ಬೆಳ್ಳಗಿರುವುದು. ‘ಮಗು ಕೆಂಪಗಿದೆ’ ಅಂತ ಹಳ್ಳಿ ಕಡೆ ಈಗಲೂ ಹೇಳ್ತಾರೆ ಅಲ್ವಾ? ಹಾಗಾಗಿ ಎಣ್ಣೆಗೆಂಪು ಅಂದರೆ ಮಿರುಗುವ ಬಿಳುಪು. ‘ಗೋರಾ’ ಎಂದೇ ಬರೆಯಿರಿ.

ಮಹದೇವಪ್ಪ, ಮಂಡ್ಯ

ರಾಘವೇಂದ್ರ ಅವರು ಪದ ಬಿಡಿಸಿದ್ದು ಸರಿ. ಅರ್ಥ ಮಾತ್ರ ಠಾಣೆಯಲ್ಲಿ ಬೇರೆ. ನಾನು ಠಾಣೆಯಲ್ಲಿ ರೈಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ನಾವು ಬರೆಯುತ್ತಿದ್ದ ಎಣ್ಣೆಗೆಂಪು ಗೋಧಿಗಿಂತ ಒಂದು ಮೆಟ್ಟಿಲು ಕಪ್ಪು. ಸಾಧಾರಣ ಕಪ್ಪಿಗಿಂತ ಒಂದು ಮೆಟ್ಟಿಲು ತಿಳಿ. ಆದರೆ ಆ ಮೆಟ್ಟಿಲು ಎಲ್ಲಿದೆ ಎಂದು ಯಾರೂ ನಮಗೆ ತೋರಿಸಿರಲಿಲ್ಲ. ಹಿಂದಿನ ರೈಟರ್ ಬರೆದದ್ದನ್ನು ನೋಡಿ ಕಲಿತೆವು.

ಬಂಧನದ ಫಾರಂ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆಯಬೇಕು. ಪಕ್ಕದಲ್ಲೇ ಮೈಬಣ್ಣದ ಕಾಲಂ, ಅದಕ್ಕೆ ಯಾವ ಅಳತೆಯೂ ಇಲ್ಲ. ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಆಗ ಕೈ ತಾನಾಗಿ ನಡುವಿನ ಪದಕ್ಕೆ ಹೋಗುತ್ತದೆ. ಗೋಧಿ ಅಥವಾ ಎಣ್ಣೆಗೆಂಪು ಎಂದು ಬರೆದರೆ ಯಾರೂ ತಪ್ಪು ಅನ್ನುವುದಿಲ್ಲ.

ಕಾಣೆಯಾದವರ ದೂರಿನಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಮನುಷ್ಯ ನಮ್ಮ ಎದುರಿಗೇ ಇರುವುದಿಲ್ಲ. ತಾಯಿ ‘ಕೆಂಪಗಿದಾನೆ ಸ್ವಾಮಿ’ ಅನ್ನುತ್ತಾಳೆ. ಅವಳು ಅಣ್ಣತಮ್ಮಂದಿರ ಜೊತೆ ಹೋಲಿಸಿ ಹೇಳುತ್ತಾಳೆ. ನಾನು ಸ್ಟುಡಿಯೋ ಫೋಟೊ ನೋಡುತ್ತೇನೆ, ಅದನ್ನು ತಿಳಿ ಮಾಡಿಯೇ ಕೊಟ್ಟಿರುತ್ತಾರೆ. ಆಮೇಲೆ ತಾಯಿಯ ಮುಖ ನೋಡಿ ಸ್ವಲ್ಪ ಇಳಿಸಿ ಬರೆಯುತ್ತೇನೆ. ಇಲ್ಲಿ ಮೂರು ಅಂದಾಜು ಸೇರಿ ಒಂದು ಪದ ಆಯಿತು.

ವಸಂತಿ, ಶಿವಮೊಗ್ಗ

ನಮ್ಮ ಅಕ್ಕನ ಮಗಳಿಗೆ ಗಂಡು ನೋಡುವಾಗ ಇದೇ ಗಲಾಟೆ ಆಗಿತ್ತು. ನಾವು ಗೋಧಿ ಬಣ್ಣ ಅಂತ ಬರೆಸಿದ್ದೆವು. ಬಂದವರು ‘ಕಪ್ಪು ಅಂತ ಹೇಳಲೇ ಇಲ್ಲ’ ಅಂದರು. ಬಯೊಡೇಟಾದಲ್ಲಿ ಬಣ್ಣ ಬರೆಯುವುದನ್ನೇ ಬಿಡಿ ಅಂತ ನನ್ನ ಸಲಹೆ.

ಶಾರದಾ, ಹಾಸನ

ವಸಂತಿ ಅಕ್ಕ, ನನ್ನದು ಮದುವೆಯ ಜಾಹೀರಾತಿನ ಪ್ರಶ್ನೆ ಅಲ್ಲ, ಕಾಣೆಯಾದ ಹುಡುಗನದು. ಆದರೆ ನಿಮ್ಮ ಮಾತಿನಲ್ಲಿ ಒಂದು ಸುಳಿವಿದೆ. ಮನೆಯವರು ಕರಪತ್ರದಲ್ಲಿ ಗೋಧಿ ಎಂದು ಬರೆಸಿದ್ದು ಅದೇ ಮದುವೆ ಮಾತಿನ ಅಭ್ಯಾಸದಿಂದ ಇರಬಹುದು. ಮಗನನ್ನು ಕಪ್ಪು ಅಂತ ಬರೆಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಕಿರಣ್, ಬೆಂಗಳೂರು

ಚರ್ಮದ ಡಾಕ್ಟರುಗಳ ಹತ್ತಿರ 1ರಿಂದ 6ರವರೆಗೆ ಒಂದು ಅಳತೆ ಇದೆ, ಫಿಟ್ಜ್‌ಪ್ಯಾಟ್ರಿಕ್ ಅಂತ ಹೆಸರು. ಫಾರಂನಲ್ಲಿ ಪದದ ಬದಲು ಆ ನಂಬರ್ ಹಾಕಿದರೆ ಈ ಗೊಂದಲವೇ ಇರುವುದಿಲ್ಲ.

ಡಾ. ಅನಿತಾ, ಮಣಿಪಾಲ

ಕಿರಣ್, ಅಳತೆ ಇರುವುದು ನಿಜ. ಆದರೆ ಅದು ಬಣ್ಣ ಗುರುತಿಸಲು ಮಾಡಿದ್ದಲ್ಲ. 1975ರಲ್ಲಿ ಅದು ಬಂದದ್ದು ಬೆಳಕಿನ ಚಿಕಿತ್ಸೆಗಾಗಿ. ಬಿಸಿಲಿಗೆ ಚರ್ಮ ಸುಡುತ್ತದೋ, ಕಪ್ಪಾಗುತ್ತದೋ ಎಂದು ರೋಗಿಯನ್ನೇ ಕೇಳಿ ಎಷ್ಟು ಬೆಳಕು ಕೊಡಬಹುದು ಎಂದು ಲೆಕ್ಕ ಹಾಕುತ್ತಿದ್ದರು. ಮೊದಲು ಇದ್ದದ್ದು ಬಿಳಿಯರ ಚರ್ಮಕ್ಕೆ ಹೊಂದುವ ನಾಲ್ಕೇ ಬಗೆ. ಕಂದು ಮತ್ತು ಕಪ್ಪು ಚರ್ಮಕ್ಕೆ 5 ಮತ್ತು 6 ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು 4 ಅಥವಾ 5ಕ್ಕೆ ಬರುತ್ತಾರೆ. ಅಂದರೆ ಗೋಧಿ, ಎಣ್ಣೆಗೆಂಪು ಎಂಬ ಎರಡು ಪದದ ಜಾಗದಲ್ಲಿ ಎರಡು ನಂಬರ್ ಬಂದಂತಾಯಿತು. ಜನರನ್ನು ಬೇರ್ಪಡಿಸುವ ಕೆಲಸ ಆಗ ಎಷ್ಟು ಆಗುತ್ತದೆ, ಹೇಳಿ?

ಚರ್ಮದ ಮೇಲೆ ಇಟ್ಟು ಬಣ್ಣ ಅಳೆಯುವ ಯಂತ್ರವೂ ಇದೆ. ಒಬ್ಬನ ಹಣೆಯಲ್ಲಿ ಒಂದು ಲೆಕ್ಕ ಬರುತ್ತದೆ, ತೋಳಿನ ಒಳಭಾಗದಲ್ಲಿ ಇನ್ನೊಂದು. ಗಾರೆ ಕೆಲಸಕ್ಕೆ ಹೋದವನು ಬೇಸಿಗೆ ಮುಗಿಯುವ ಹೊತ್ತಿಗೆ ಬೇರೆಯೇ ಬಣ್ಣದಲ್ಲಿರುತ್ತಾನೆ. ಎತ್ತರ ಹಾಗೆ ಬದಲಾಗುವುದಿಲ್ಲ.

ಮಹದೇವಪ್ಪ, ಮಂಡ್ಯ

ಡಾಕ್ಟರಮ್ಮ ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಪ್ರಕರಣ ಸೇರಿಸುತ್ತೇನೆ. ಊರು, ಹೆಸರು ಬೇಡ. ಒಬ್ಬ ಯುವಕ ಕಾಣೆಯಾದ. ನಾನು ‘ಗೋಧಿ ಮೈಬಣ್ಣ’ ಎಂದು ಬರೆದೆ. ಕೆಲವು ದಿನಗಳ ನಂತರ ಬೇರೆ ಠಾಣೆಯ ಕೆರೆಯಲ್ಲಿ ಅಪರಿಚಿತ ಶವ ಸಿಕ್ಕಿತು. ಅವರು ‘ಕಪ್ಪು ಮೈಬಣ್ಣ’ ಎಂದು ಬರೆದರು. ಇಬ್ಬರೂ ಕಂಡದ್ದನ್ನೇ ಬರೆದಿದ್ದೆವು. ಪದ ನೋಡಿ ಹೊಂದಿಸಲು ಹೋದವರು ಇದು ಬೇರೆ ಎಂದು ಪಕ್ಕಕ್ಕೆ ಇಟ್ಟರು. ಕೊನೆಗೆ ಗುರುತು ಸಿಕ್ಕಿದ್ದು ಮುಂಗೈಮೇಲಿನ ಹಚ್ಚೆಯಿಂದ. ಆ ಹಚ್ಚೆಯ ವಿಷಯ ದೂರಿನಲ್ಲಿ ಕೊನೆಯ ಸಾಲಿನಲ್ಲಿತ್ತು.

ಡಾ. ಅನಿತಾ, ಮಣಿಪಾಲ

ಅದು ಹಾಗೇ ಆಗುವುದು. ಶವ ಕೊಳೆಯುವಾಗ ಮೊದಲು ಹೊಟ್ಟೆಯ ಬಲಗಡೆ ಕೆಳಭಾಗ ಹಸಿರಾಗುತ್ತದೆ. ಆಮೇಲೆ ಮುಖ ಊದಿ ಕಪ್ಪಾಗುತ್ತದೆ. ನೀರಿನಿಂದ ತೆಗೆದ ಮೇಲೆ ಇದು ಇನ್ನೂ ಬೇಗ. ಆ ಹಂತದಲ್ಲಿ ಮೈಬಣ್ಣದ ಕಾಲಂ ತುಂಬುವುದಕ್ಕೆ ಅರ್ಥವೇ ಇಲ್ಲ. ಹಚ್ಚೆಯ ಶಾಯಿ ಚರ್ಮದ ಒಳಪದರದಲ್ಲಿ ಇರುತ್ತದೆ. ಮೇಲಿನ ಪದರ ಸುಲಿದು ಹೋದರೂ ಅದು ಉಳಿಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ರಾಘವೇಂದ್ರ, ಮೈಸೂರು

ಹಾಗಾದರೆ ಆಧಾರ್‌ನಲ್ಲಿ ಬಣ್ಣದ ಕಾಲಂ ಯಾಕೆ ಇಲ್ಲ ಅಂತ ಈಗ ಅರ್ಥವಾಯಿತು. ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಫೋಟೊ ಅಷ್ಟೇ. ಗುರುತು ಪತ್ತೆಯ 2022ರ ಕಾನೂನಿನಲ್ಲೂ ಬೆರಳಚ್ಚು, ಅಂಗೈ ಅಚ್ಚು, ಪಾಪೆ, ಫೋಟೊ ಎಂದೆಲ್ಲ ಪಟ್ಟಿ ಇದೆ, ಮೈಬಣ್ಣದ ಹೆಸರಿಲ್ಲ. ಆದರೂ ಎಣ್ಣೆಗೆಂಪು ಬಿಳುಪಿನ ಕಡೆಯ ಪದ ಎಂಬ ನನ್ನ ಮಾತನ್ನು ಪೂರ್ತಿ ಬಿಡಲಾರೆ. ನಮ್ಮ ಮನೆಯಲ್ಲಿ ಹಾಗೇ ಬಳಸುತ್ತಾರೆ.

ಬಸವರಾಜ, ಕಲಬುರಗಿ

ನಮ್ಮ ಕಡೆಯ ಪ್ರಕಟಣೆಗಳಲ್ಲಿ ‘ಸಾದಗಪ್ಪು’ ಅಂತ ಬರುತ್ತದೆ. ಇದು ಉರ್ದುವಿನ ಸಾದಾ ಪದದಿಂದ ಬಂದು ‘ಸಾಮಾನ್ಯ ಕಪ್ಪು’ ಎಂಬ ಅರ್ಥ ಕೊಡುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹಣೆಗೆ ಇಡುವ ಕಪ್ಪು ಸಾದಿನಿಂದ ಬಂದದ್ದು ಎಂದು ನಮ್ಮ ಗೆಳೆಯರೊಬ್ಬರ ವಾದ. ಎರಡನೆಯದು ಸರಿಯಾದರೆ ಬಣ್ಣ ಇನ್ನೂ ಗಾಢ ಆಗುತ್ತದೆ. ಬಲ್ಲವರು ತಿಳಿಸಿ.

ಶಾರದಾ, ಹಾಸನ

ಠಾಣೆಗೆ ಫೋನ್ ಮಾಡಿ ಈಗಿನ ರೈಟರ್ ಅವರನ್ನು ಕೇಳಿದೆ. ಮಹದೇವಪ್ಪನವರು ಹೇಳಿದಂತೆಯೇ, ಗೋಧಿಗಿಂತ ಸ್ವಲ್ಪ ಕಪ್ಪು ಎಂದರು. ಹಿಂದಿಯಲ್ಲಿ ಬಣ್ಣವನ್ನೇ ಬಿಡೋಣ ಎಂದು ಮನೆಯವರನ್ನು ಒಪ್ಪಿಸಿದ್ದೇನೆ. ಎಡ ಹುಬ್ಬಿನ ಮೇಲಿನ ಹೊಲಿಗೆಯ ಕಲೆ, ಬಲ ಮೊಣಕೈಯ ಸುಟ್ಟ ಗುರುತು, ಎತ್ತರ, ಹೋಗುವಾಗ ತೊಟ್ಟಿದ್ದ ಅಂಗಿ, ಇವು ಮೇಲಿನ ಸಾಲಿಗೆ ಬಂದಿವೆ. ಠಾಣೆಯ ಕನ್ನಡ ಪ್ರಕಟಣೆಯಲ್ಲಿ ಪದ ಬದಲಿಸುವ ಅಧಿಕಾರ ನನಗಿಲ್ಲ. ಅಲ್ಲಿ ಎಣ್ಣೆಗೆಂಪು ಹಾಗೇ ಇರುತ್ತದೆ, ಆದರೆ ಕಲೆಯ ವಿವರವನ್ನು ಅದಕ್ಕಿಂತ ಮುಂಚೆ ಹಾಕಲು ಅವರು ಒಪ್ಪಿದ್ದಾರೆ. ಸಾದಗಪ್ಪಿನ ಪ್ರಶ್ನೆಯನ್ನು ಬಸವರಾಜ ಅವರು ಬೇರೆ ಓಲೆಯಾಗಿ ಹಾಕಿದರೆ ಚೆನ್ನ.