ಪದಚರ್ಚೆ: ಬಫರ್‌ಗೆ ‘ತಟಸ್ಥಕ’ ಅಂದ್ರ ನಡೀತದೇನ್ರಿ?

ಧಾರವಾಡದಿಂದ:
ಡಿಗ್ರಿ ಹುಡುಗರ ಸಲುವಾಗಿ ಪ್ರಯೋಗದ ಕೈಪಿಡಿ ಬರೀಲಿಕ್ಕೆ ಹತ್ತೀನ್ರಿ. ಲೋಹ ಹಿಡಿಯೋ ಇಡಿಟಿಎ ಹನಿ ಹನಿ ಹಾಕಿ ನೀರಿನ ಗಡಸುತನ ಅಳಿಯೋ ಪಾಠದಾಗ ಎರಡು ಪದಕ್ಕ ಸಿಕ್ಕೊಂಡೀನಿ. ಪಿಎಚ್ ಒಂದೇ ಕಡೆ ನಿಲ್ಲಸೋ ಬಫರ್‌ಗೆ ‘ತಟಸ್ಥಕ’ ಅಂತ ಬರದಿದ್ದೆ. ಬಣ್ಣ ಬದಲಿಸಿ ಎಲ್ಲಿ ನಿಲ್ಲಸಬೇಕು ಅಂತ ತೋರಸೋ ಮೆಟಲ್ ಇಂಡಿಕೇಟರ್‌ಗೆ ‘ಲೋಹಸೂಚಕ’ ಅಂತ ಬರದಿದ್ದು ಓದಿ ಒಬ್ಬ ಹುಡುಗ, “ನೀರಾಗ ಯಾವ ಲೋಹ ಅದ ಅಂತ ಹೇಳ್ತದೇನ್ರಿ ಸರ್?” ಅಂದ.

ಹಾವೇರಿಯಿಂದ:
‘ತಟಸ್ಥಕ’ ಸರಿಯಾಗಿಯೇ ಇದೆ. ಆಮ್ಲ ಬಿದ್ದರೆ ಬಫರ್ ಅದನ್ನು ನುಂಗಿಕೊಳ್ಳುತ್ತದೆ, ಅದೇ ಅದರ ಕೆಲಸ.

ಹುಬ್ಬಳ್ಳಿಯಿಂದ:
ನಮ್ಮ ಬೋರ್ ನೀರಿಗೆ ಬ್ಯಾಳಿ ಬೇಯಂಗಿಲ್ಲ, ಬಾಯ್ಲರ್‌ ತುಂಬ ಬಿಳೇ ಪದರ. ಈ ಗಡಸುತನಕ್ಕ ನಾವು ಸವಳು ಅಂತೀವಿ. ಅದನ್ನ ಬರೀರಲ್ಲ?

ಗದಗದಿಂದ:
ಹುಬ್ಬಳ್ಳಿಯವರೇ, ಸವಳು ಅಂದ್ರ ನಾಲಿಗಿಗೆ ಹತ್ತೋ ಉಪ್ಪು. ಬರೇ ಅಡಿಗಿ ಉಪ್ಪು ಕರಗಿದ ನೀರು ಸವಳಾಗಿರ್ತದ, ಆದ್ರ ಅದಕ್ಕ ಗಡಸುತನ ಇರಂಗಿಲ್ಲ. ಗಡಸುತನ ಬರೋದು ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ.

ಹಾವೇರಿಯವರೇ, ನುಂಗೋ ಮಾತು ಖರೇ, ‘ತಟಸ್ಥ’ ಮಾತ್ರ ತಪ್ಪು. ಇಲ್ಲಿ ನೀರಿನ ಪಿಎಚ್ ಏಳಕ್ಕ ಅಲ್ಲ, ಹತ್ತಕ್ಕ ನಿಂದರಬೇಕು. ಇಡಿಟಿಎ ಒಂದೊಂದು ಕ್ಯಾಲ್ಸಿಯಂ ಹಿಡಿದಂಗ ತನ್ನ ಹೈಡ್ರೋಜನ್ ಬಿಟ್ಟುಕೊಡ್ತದ, ಪಿಎಚ್ ಇಳೀಲಿಕ್ಕೆ ನೋಡ್ತದ. ಇಳಿದ್ರ ಮೆಗ್ನೀಸಿಯಂ ಮ್ಯಾಲಿನ ಹಿಡಿತ ಸಡ್ಲಾಗ್ತದ. ಹತ್ತರ ಮ್ಯಾಲೆ ಭಾಳ ಏರಿದ್ರ ಮೆಗ್ನೀಸಿಯಂ ಗಸಿಯಾಗಿ ಕೂಡ್ತದ.

ನಮ್ಮ ಲ್ಯಾಬಿನಾಗ ಒಮ್ಮೆ ಬೋರ್ ನೀರು 50 ಮಿಲಿ ತಗೊಂಡು ಹಚ್ಚಿದ್ವಿ. ಬಣ್ಣ ಕೆಂಪಿನಿಂದ ನೇರಳೆಗೆ ಬಂದು ಅಲ್ಲೇ ಎಳೀತು, ಎಲ್ಲಿ ನಿಲ್ಲಸಬೇಕು ತಿಳೀಲಿಲ್ಲ. ಪಿಎಚ್ ಕಾಗದ ಅದ್ದಿದ್ರ ಎಂಟು! ಬಫರ್ ಬಾಟ್ಲಿ ಮುಚ್ಚಳ ಸಡ್ಲಿತ್ತು, ಅಮೋನಿಯ ಹಾರಿಹೋಗಿತ್ತು. ಹೊಸಾ ಬಫರ್ ಮಾಡಿ ಹಾಕಿದ ಮ್ಯಾಲೆ ಇಡಿಟಿಎ 21.0 ಮಿಲಿಗೆ ಒಂದೇ ಹನಿಗೆ ಸ್ವಚ್ಛ ನೀಲಿ. 0.01 ಮೋಲಾರ್ ಇಡಿಟಿಎ ಒಂದು ಮಿಲಿಗೆ ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಾಗ ಒಂದು ಮಿಲಿಗ್ರಾಂ, ಅಂದ್ರ 50 ಮಿಲಿಯೊಳಗ 21, ಲೀಟರಿಗೆ 420 ಮಿಲಿಗ್ರಾಂ. ಕುಡಿಯೋ ನೀರಿಗೆ ಭಾರತೀಯ ಮಾನಕ 200 ಹೇಳ್ತದ, ಬ್ಯಾರೆ ನೀರು ಇಲ್ಲದಿದ್ರ 600ರ ತನಕ.

ಅದಕ್ಕ ನನ್ನ ಪದ ‘ಕಾಪುದ್ರಾವಣ’. ಪಿಎಚ್ ಕಾಯ್ತದ.

ಧಾರವಾಡದಿಂದ:
ಚಲೋ ಅದ. ಮತ್ತ ಆ ಸೂಚಕದ ಮಾತು?

ಗದಗದಿಂದ:
ನಿಮ್ಮ ಹುಡುಗ ಕೇಳಿದ್ದು ಸುಳ್ಳಲ್ಲ, ಪದಾನೇ ಹಂಗ ಅನಸ್ತದ. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಮದಲ ಒಂಚೂರು ಮೆಗ್ನೀಸಿಯಂ ಹಿಡಕೊಂಡು ಕೆಂಪಾಗಿರ್ತದ. ಬಿಡಿಯಾಗಿದ್ದ ಲೋಹ ಎಲ್ಲಾ ಮುಗಿದ ಮ್ಯಾಲೆ ಇಡಿಟಿಎ ಅದರ ಕೈಯಾಗಿಂದೂ ಕಸಗೋತದ, ಆಗ ಅದರ ಸ್ವಂತ ನೀಲಿ ಕಾಣ್ತದ. ಅದು ತೋರಸೋದು ಲೋಹ ಬಿಟ್ಟದ್ದನ್ನ. ತಾಮ್ರ ಇದ್ದ ನೀರಾಗ ಆ ಹಿಡಿತ ಬಿಡಂಗೇ ಇಲ್ಲ, ಎಷ್ಟು ಹಾಕಿದ್ರೂ ನೀಲಿ ಬರಂಗಿಲ್ಲ.

ಧಾರವಾಡದಿಂದ:
ಹಂಗಾದ್ರ ‘ಲೋಹಬಂಧಿ ಸೂಚಕ’ ಅಂತ ಬರೀತೀನಿ. ಕಾಪುದ್ರಾವಣ, ಮುಂದ ಒಮ್ಮೆ ‘ಬಫರ್’ ಅಂತ ಹಾಕಿ.

ಹಾವೇರಿಯಿಂದ:
ಕಾಪು ಎಂದರೆ ಹುಡುಗರು ಉಡುಪಿ ಹತ್ತಿರದ ಊರು ಅಂದುಕೊಳ್ಳುತ್ತಾರೆ. ಬಫರ್ ಅಂತಲೇ ಬಿಡಿ. ‘ತಟಸ್ಥಕ’ ನಾನು ಹಿಂದಕ್ಕೆ ತೆಗೆದುಕೊಂಡೆ, ಇದನ್ನು ಮಾತ್ರ ಒಪ್ಪಲಾರೆ.