ಇಳಿಜಾರಲ್ಲಿ N ಯಾಕೆ mg ಆಗಲ್ಲ?

ಕೇಳಿದವರು: ಮಗಳು ಫಸ್ಟ್ ಪಿಯುಸಿ. ಯಾವ ಲೆಕ್ಕ ಕೊಟ್ಟರೂ ಮೊದಲು N = mg, ಅಂದರೆ ನೆಲದ ಒತ್ತು ಭಾರಕ್ಕೆ ಸಮ ಅಂತ ಬರೆದುಬಿಡುತ್ತಾಳೆ. ಇಳಿಜಾರು ಬಂದರೆ ಅಥವಾ ಹಗ್ಗ ಓರೆಯಾಗಿ ಎಳೆದರೆ ಉತ್ತರ ತಪ್ಪು. "ಭಾರ ಅಷ್ಟೇ ಇದೆಯಲ್ಲಾ, N ಯಾಕೆ ಕಡಿಮೆಯಾಗಬೇಕು?" ಅಂತಾಳೆ. ನಿಮ್ಮ ಮಕ್ಕಳಿಗೆ ಹೇಗೆ ತಿಳಿಸಿದಿರಿ?

ಪಿಯು ಉಪನ್ಯಾಸಕಿ: ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಕ್ಲಾಸಿಗೇ ಒಯ್ಯುತ್ತೇನೆ. ತಕ್ಕಡಿ ಭಾರ ತೋರಿಸುತ್ತೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದಕ್ಕೆ ಗೊತ್ತಾಗುವುದು ತನ್ನ ತಟ್ಟೆಯನ್ನು ಎಷ್ಟು ಒತ್ತುತ್ತಿದ್ದಾರೆ ಅನ್ನೋದು ಮಾತ್ರ. ಆ ಒತ್ತೇ N.

40 ಸೆಂಮೀ ಉದ್ದದ ಹಲಗೆ ತಗೊಳ್ಳಿ. ಅದರ ಮೇಲೆ ತಕ್ಕಡಿ ಇಟ್ಟು, ಜಾರದಂತೆ ಕೆಳಗೊಂದು ಪಟ್ಟಿ ಹೊಡೆಯಿರಿ. ಹಲಗೆಯ ಒಂದು ತುದಿಯನ್ನು 20 ಸೆಂಮೀ ಎತ್ತಿದರೆ ಸರಿಯಾಗಿ 30 ಡಿಗ್ರಿ. ಈಗ ಸೊನ್ನೆ ಮಾಡುವ ಗುಂಡಿ ಒತ್ತಿ. ಇದನ್ನು ಮರೆಯಬೇಡಿ, ಓರೆಯಾದಾಗ ತಟ್ಟೆಯದೇ ಒತ್ತು ಬದಲಾಗಿರುತ್ತೆ. ಆಮೇಲೆ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಇಡಿ. ಸುಮಾರು 866 ಗ್ರಾಂ ಬರಬೇಕು, ಅಂದರೆ cos 30° ಪಾಲು. ಉಪ್ಪು ಕಡಿಮೆಯಾಗಿಲ್ಲ. ಭಾರದ ಇನ್ನೊಂದು ಪಾಲು ಇಳಿಜಾರಿನ ಗುಂಟ ಕೆಳಗೆ ಎಳೆಯುತ್ತಿದೆ, ಅದನ್ನು ಹಿಡಿದಿರುವುದು ಘರ್ಷಣೆ.

ಬಿಇ ಮುಗಿಸಿದವನು: ಸ್ವಲ್ಪ ತಡೀರಿ ಮೇಡಂ. ಓರೆ ಮಾಡಿದ ರಸ್ತೆ ತಿರುವಿನ ಲೆಕ್ಕದಲ್ಲಿ N cosθ = mg ಅಂತ ಬರೆದಿದ್ದೇವೆ. ಅಂದರೆ N, mg ಗಿಂತ ಜಾಸ್ತಿ! ಇಳಿಜಾರು ಇಳಿಜಾರೇ ಅಲ್ವಾ?

ಪಿಯು ಉಪನ್ಯಾಸಕಿ: ನಿಮ್ಮ ಸೂತ್ರ ತಪ್ಪಲ್ಲ, ಜಾಗ ಬೇರೆ. ಘರ್ಷಣೆ ಬೇಡದ ವೇಗದಲ್ಲಿ ತಿರುಗುವ ಕಾರಿನ ವೇಗೋತ್ಕರ್ಷ ಅಡ್ಡಕ್ಕೆ, ತಿರುವಿನ ಒಳಗಡೆಗೆ ಇದೆ. ಮೇಲೆ ಕೆಳಗೆ ಏನೂ ಇಲ್ಲ, ಹಾಗಾಗಿ ನೇರ ಮೇಲಕ್ಕೆ ಲೆಕ್ಕ ಹಾಕಿದರೆ N cosθ ಒಂದೇ mg ಹೊರಬೇಕು. ಸುಮ್ನೆ ಕೂತ ಉಪ್ಪಿನ ಪ್ಯಾಕೆಟ್‌ಗೆ ಹಾಗಲ್ಲ. ಅಲ್ಲಿ ಘರ್ಷಣೆಯೂ ಸ್ವಲ್ಪ ಮೇಲಕ್ಕೆ ಎತ್ತುತ್ತಿದೆ: N cosθ + f sinθ = mg. ಆ f ಬಿಟ್ಟುಹೋದರೆ N ಜಾಸ್ತಿ ಬರುತ್ತೆ. ಪೇಪರ್ ತಿದ್ದುವಾಗ ಈ ತಪ್ಪು ನನಗೆ ಪ್ರತಿ ವರ್ಷ ಸಿಗುತ್ತೆ.

ಜಿಮ್‌ಗೆ ಹೋಗುವವರು: ಹಾಗಾದರೆ ಟ್ರೆಡ್‌ಮಿಲ್ ಏರು ಇಟ್ಟರೆ ತೂಕ ಬೇಗ ಇಳಿಯುವುದು ಇದಕ್ಕೇನಾ?

ಪಿಯು ಉಪನ್ಯಾಸಕಿ: ಅಲ್ಲ ಸರ್, ಅದು ಹತ್ತುವ ಶ್ರಮ.

ಅಕ್ಕಿ ಮಂಡಿಯವರು, ದಾವಣಗೆರೆ: ಲೆಕ್ಕ ಗೊತ್ತಿಲ್ಲ, ಮೂಟೆ ಗೊತ್ತು. ಹೊಸ ಹುಡುಗರು ಬಗ್ಗಿ ಮೂಟೆಯನ್ನು ನೂಕ್ತಾರೆ, ಅಲ್ಲಾಡಲ್ಲ. ಕೊಕ್ಕೆ ಹಾಕಿ ಸ್ವಲ್ಪ ಎತ್ತಿ ಎಳೆದರೆ ಬರುತ್ತೆ. ಎತ್ತಿದಷ್ಟೂ ಹಗುರ.

ಪಿಯು ಉಪನ್ಯಾಸಕಿ: ಅಣ್ಣಾ, ಇದೇ ಎರಡನೇ ಪಾಠ. "ಎತ್ತಿದಷ್ಟೂ" ಅನ್ನೋದೊಂದು ಒಪ್ಪಲ್ಲ. 20 ಕೆಜಿ ಮೂಟೆ ಅಂದುಕೊಳ್ಳಿ. g ಗೆ 10 ಹಿಡಿದರೆ ಭಾರ 200 ನ್ಯೂಟನ್. ನೆಲದ ಘರ್ಷಣೆಯ ಗುಣಾಂಕ μ 0.4 ಇರಲಿ. ನೆಲಕ್ಕೆ ಸಮವಾಗಿ ಎಳೆದರೆ ಘರ್ಷಣೆ 80 ರವರೆಗೆ ತಡೆಯುತ್ತೆ. ನಿಮ್ಮ ಎಳೆತವೂ 80 ಆದರೆ ಮೂಟೆ ಹೊರಡಲೋ ಬೇಡವೋ ಅಂತ ನಿಲ್ಲುತ್ತೆ.

ಅದೇ 80 ನ್ಯೂಟನ್ನನ್ನು 30 ಡಿಗ್ರಿ ಮೇಲಕ್ಕೆ ತಿರುಗಿಸಿ. 40 ನ್ಯೂಟನ್ ಮೂಟೆಯನ್ನು ಎತ್ತುತ್ತೆ, ನೆಲ ಹೊರಬೇಕಾದ್ದು 160 ಮಾತ್ರ. ತಡೆ 64ಕ್ಕೆ ಇಳಿಯಿತು. ಮುಂದಕ್ಕೆ ಎಳೆಯುವ ಪಾಲು 69. ಮೂಟೆ ಹೊರಟಿತು! ನಿಮ್ಮ ಹುಡುಗರು ಅದೇ ಬಲದಲ್ಲಿ 30 ಡಿಗ್ರಿ ಕೆಳಮುಖವಾಗಿ ನೂಕಿದರೆ N 240, ತಡೆ 96. ಮುಂದಕ್ಕೆ ಅದೇ 69. ಅಲ್ಲಾಡೋದು ಎಲ್ಲಿಂದ?

60 ಡಿಗ್ರಿಗೆ ಎತ್ತಿದರೆ ತಡೆ 52ಕ್ಕೆ ಬರುತ್ತೆ, ಆದರೆ ಮುಂದಕ್ಕೆ ಉಳಿಯುವುದು ಬರೀ 40. ಮತ್ತೆ ನಿಂತಿತು. ಈ ನೆಲಕ್ಕೆ ಒಳ್ಳೆಯ ಕೋನ ಸುಮಾರು 22 ಡಿಗ್ರಿ, ಅಲ್ಲಿ 75 ನ್ಯೂಟನ್ನೂ ಸಾಕು.

ಅಕ್ಕಿ ಮಂಡಿಯವರು, ದಾವಣಗೆರೆ: ನಮ್ಮ ಕೊಕ್ಕೆ ಅಷ್ಟೇ ಓರೆ ಇರುತ್ತೇನೋ, ಅಳೆದಿಲ್ಲ. ಆದರೆ ನೆಲ ಒದ್ದೆಯಿದ್ದ ದಿನ ಈ ಲೆಕ್ಕ ನಡೆಯಲ್ಲ ಬಿಡಿ, ನಮ್ಮ ಕಾಲೇ ಜಾರುತ್ತೆ.

ಕೇಳಿದವರು: ತಕ್ಕಡಿ ಮಾಡಿ ನೋಡಿದೆವು. ಗಾಜಿನ ತಟ್ಟೆ, ಪ್ಯಾಕೆಟ್ ಜಾರಿ ಬಿತ್ತು. ರಬ್ಬರ್ ಮ್ಯಾಟ್ ಹಾಕಿ ಮತ್ತೆ ಸೊನ್ನೆ ಮಾಡಿದ ಮೇಲೆ 861 ಬಂತು. ಆ 5 ಗ್ರಾಂ ಎಲ್ಲಿ ಹೋಯಿತು ಅಂತ ಮನೆಯಲ್ಲಿ ಇನ್ನೂ ಜಗಳ. ಈಗ ಅವಳ ಹೊಸ ಪ್ರಶ್ನೆ: ಮೂಟೆಯನ್ನು 30 ಡಿಗ್ರಿಯಲ್ಲಿ 500 ನ್ಯೂಟನ್ ಹಾಕಿ ಎಳೆದರೆ N ಮೈನಸ್ 50 ಬರುತ್ತೆ. ಹಾಗೂ ಇರುತ್ತಾ?

ಪಿಯು ಉಪನ್ಯಾಸಕಿ: 400ಕ್ಕೇ N ಸೊನ್ನೆ ಆಯಿತು. ನೆಲ ಒತ್ತಬಲ್ಲದು, ಹಿಡಿದು ಎಳೆಯಲಾರದು. ಮೈನಸ್ ಬಂತು ಅಂದರೆ ಮೂಟೆ ನೆಲ ಬಿಟ್ಟಿದೆ, N ಸೊನ್ನೆ ಅಂತ ಬರೆದು ಲೆಕ್ಕ ಹೊಸದಾಗಿ ಹಾಕಲಿ. 5 ಗ್ರಾಂಗೆ ಮೊದಲು ಆ 20 ಸೆಂಮೀ ಮತ್ತೆ ಅಳೆಯಿರಿ.