ಸಹಾಯ ಬೇಕು: ಸ್ಪ್ಯಾನಿಶ್‌ನಲ್ಲಿ ‘ಲೊ’ ಯಾವಾಗ ಬಿಡಬೇಕು?

ನಮಸ್ಕಾರ್ರೀ, ಧಾರವಾಡದಲ್ಲಿ ಮನೆಯಲ್ಲೇ ಸ್ಪ್ಯಾನಿಶ್ ಕಲಿಯುತ್ತಿದ್ದೇನೆ. ಪುಸ್ತಕ ಯಾರು ತಂದರು ಅಂತ ಕೇಳಿದರೆ ಇಂಗ್ಲಿಷ್‌ನಲ್ಲಿ ‘ಆನಾ ಬ್ರಾಟ್ ಇಟ್’ ಅಂದು ಆನಾ ಮೇಲೆ ದನಿ ಒತ್ತಿದರೆ ಸಾಕು, ಪದ ಜಾಗ ಬಿಡಲ್ಲ. ಸ್ಪ್ಯಾನಿಶ್‌ನಲ್ಲಿ ಹೊಸ ವಿಷಯ ಕೊನೆಗೆ ಹೋಗುತ್ತದೆ: ‘ಲೊ ತ್ರಾಹೊ ಆನಾ’. ನಮ್ಮ ‘ತಂದಿದ್ದು ಆನಾ’ ಇದ್ದ ಹಾಗೇ, ಅಲ್ವಾ? ಇಷ್ಟು ತಿಳಿಯಿತು.

ಪುಸ್ತಕದ ಮಾತನ್ನೇ ಮುಂದೆ ತಂದರೆ ‘ಎಲ್ ಲಿಬ್ರೊ ಲೊ ತ್ರಾಹೊ ಆನಾ’. ಪುಸ್ತಕ ಮೊದಲೇ ಬಂದಿದ್ದರೂ ‘ಅದನ್ನು’ ಅನ್ನುವ ‘ಲೊ’ ಬೇಕೇ ಬೇಕು. ಆದರೆ ‘ಕಫೆ ನೊ ತೊಮೊ’, ಅಂದರೆ ಕಾಫಿ ನಾನು ಕುಡಿಯಲ್ಲ, ಇಲ್ಲಿ ‘ಲೊ’ ಇಲ್ಲ! ಗೊತ್ತಿರುವ ಇಂಥದ್ದೇ ವಸ್ತು ಆದರೆ ಬೇಕು, ಸುಮ್ನೆ ಕಾಫಿ ಅಂದರೆ ಬೇಡ ಅಂತ ನನ್ನ ಲೆಕ್ಕ. ಹಾಗಾದರೆ ‘ತಂದಿದ್ದು ಪುಸ್ತಕ, ಪತ್ರಿಕೆ ಅಲ್ಲ’ ಅಂತ ಒತ್ತಿ ಹೇಳುವಾಗ ‘ಎಲ್ ಲಿಬ್ರೊ ತ್ರಾಹೊ ಆನಾ’ ಅಂತ ‘ಲೊ’ ಬಿಡಬೇಕಾ? ಮಾತಾಡುವಾಗ ಹಾಗೆ ಅಂತಾರಾ? ಗೊತ್ತಿದ್ದವರು ಒಂದೆರಡು ಉದಾಹರಣೆ ಕೊಟ್ಟು ಹೇಳ್ರಿ.